‘ಅವಳು ವೈದ್ಯೆ’: ರಷ್ಯನ್ ಸುಲಭವೋ, ಅರಬ್ಬಿಯೋ?

ಕನ್ನಡದ ‘ಅವಳು ವೈದ್ಯೆ’ ಎಂಬ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ರಷ್ಯನ್ನಿನ ‘ಅನಾ ವ್ರಾಚ್’ ಮತ್ತು ಅರಬ್ಬಿಯ ‘ಹಿಯ ತಬೀಬಾ’ ಕೂಡ ಹಾಗೆಯೇ ಎರಡು ಪದಗಳಲ್ಲಿ ಮುಗಿಯುತ್ತವೆ. ಇಂಗ್ಲಿಷ್ ಪಠ್ಯಗಳ ಮೂಲಕ ಕಲಿಯುವ ಕನ್ನಡಿಗರು ಮಾತ್ರ, ತಮಗೆ ಬೇಕೇ ಇಲ್ಲದ ಕ್ರಿಯಾಪದವನ್ನು ಹುಡುಕುತ್ತಾ ಕೂರುತ್ತಾರೆ.

ಭೂತಕಾಲದಲ್ಲಿ ಎರಡೂ ಭಾಷೆಗಳು ಕ್ರಿಯಾಪದವನ್ನು ಕೇಳುತ್ತವೆ. ರಷ್ಯನ್ನಿನ ‘ಅನಾ ಬಿಲಾ ವ್ರಚೋಮ್’ ಎಂಬಲ್ಲಿ ನಾಮಪದವು ಸಾಮಾನ್ಯವಾಗಿ ತೃತೀಯಾ ವಿಭಕ್ತಿಗೆ ಹೋಗುತ್ತದೆ. ನಮ್ಮ ‘ವೈದ್ಯೆಯಾಗಿದ್ದಳು’ ಎಂಬುದರ ‘ಆಗಿ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆಂದು ತಿಳಿದರೆ ರೂಢಿಯಾಗುವುದು ಕಷ್ಟವಲ್ಲ. ಶಿಷ್ಟ ಅರಬ್ಬಿಯಲ್ಲಿ ‘ಕಾನತ್ ತಬೀಬತನ್’ ಎಂದು ದ್ವಿತೀಯಾ ವಿಭಕ್ತಿ ಬರುತ್ತದೆ.

ನಿಷೇಧದಲ್ಲಿ ರಷ್ಯನ್ ಹಗುರ: ನಮ್ಮ ‘ಅಲ್ಲ’ದಂತೆ ಬದಲಾಗದ ‘ನ್ಯೆ’ ಸಾಕು. ಅರಬ್ಬಿಯಲ್ಲಿ ‘ನಾನಲ್ಲ’ ಎನ್ನಲು ‘ಲಸ್ತು’, ‘ಅವಳಲ್ಲ’ ಎನ್ನಲು ‘ಲೈಸತ್’ ಎಂದು ರೂಪವೇ ಬದಲಾಗುತ್ತದೆ.

ಅರಬ್ಬಿಯ ನಿಜವಾದ ತೊಡಕು ‘ಅಲ್’ ಎಂಬ ಉಪಪದ. ‘ಅಲ್‌ಬೈತು ಕಬೀರ್’ ಎಂದರೆ ‘ಮನೆ ದೊಡ್ಡದು’ ಎಂಬ ಪೂರ್ಣ ವಾಕ್ಯ. ‘ಅಲ್‌ಬೈತು ಅಲ್‌ಕಬೀರ್’ ಎಂದರೆ ‘ದೊಡ್ಡ ಮನೆ’ ಅಷ್ಟೇ, ಕೇಳುವವರು ಮುಂದಿನ ಮಾತಿಗೆ ಕಾಯುತ್ತಾರೆ. ಕನ್ನಡದಲ್ಲಿ ‘ದೊಡ್ಡ’, ‘ದೊಡ್ಡದು’ ಎಂಬ ರೂಪಭೇದವೇ ಇದನ್ನು ತಿಳಿಸುವುದರಿಂದ, ಉಪಪದದ ಮೇಲೆ ಕಣ್ಣಿಡುವ ಅಭ್ಯಾಸ ನಮಗಿಲ್ಲ. ಈ ಒಂದು ವಾಕ್ಯರಚನೆಯ ಮಟ್ಟಿಗೆ ನಾನು ರಷ್ಯನ್ನನ್ನೇ ಸೂಚಿಸುತ್ತೇನೆ.