ಮನೆಯ ನ್ಯಾಸ್‌ಗೆ ಹೊರಗಿನಿಂದ ದಾರಿ: ನೇರ ವೈರ್‌ಗಾರ್ಡ್, ಟೇಲ್‌ಸ್ಕೇಲ್, ಬಾಡಿಗೆ ಸರ್ವರ್ – ಒಂದು ಹೋಲಿಕೆ

ನ್ಯಾಸ್‌ನ ಲಾಗಿನ್ ಪುಟವನ್ನು ಪೋರ್ಟ್ ಫಾರ್ವರ್ಡ್ ಮಾಡಿ ಇಂಟರ್ನೆಟ್ಟಿಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ತೋರಿಸಿಕೊಟ್ಟಿತು. ಹೊರಗಿನಿಂದ ಕಾಣುತ್ತಿದ್ದ ಕ್ಯೂನ್ಯಾಪ್ ನ್ಯಾಸ್‌ಗಳಿಗೆ ನುಗ್ಗಿ, ಫೈಲುಗಳಿಗೆಲ್ಲ ಬೀಗ ಹಾಕಿ, ಲಾಗಿನ್ ಪುಟ ಇದ್ದ ಜಾಗದಲ್ಲೇ ಬಿಟ್‌ಕಾಯಿನ್ ಬೇಡಿಕೆ ಅಂಟಿಸಿತ್ತು. ಪಾಸ್‌ವರ್ಡ್ ಗಟ್ಟಿಯಾಗಿದ್ದರೂ ಅಲ್ಲಿ ಉಪಯೋಗವಿರಲಿಲ್ಲ, ಏಕೆಂದರೆ ತೂತು ಸಾಫ್ಟ್‌ವೇರಿನಲ್ಲೇ ಇತ್ತು. ಹೀಗಾಗಿ ನ್ಯಾಸ್ ಹೊರಗೆ ಕಾಣಲೇಬಾರದು, ಒಳಗೆ ಬರುವವರು ವಿಪಿಎನ್ ದಾಟಿಯೇ ಬರಬೇಕು. ಅದಕ್ಕೆ ಮೂರು ದಾರಿಗಳಿವೆ: ಮನೆಯಲ್ಲೇ ವೈರ್‌ಗಾರ್ಡ್ ನಡೆಸುವುದು, ಟೇಲ್‌ಸ್ಕೇಲ್ ಹಾಕಿಕೊಳ್ಳುವುದು, ಅಥವಾ ಬಾಡಿಗೆ ಸರ್ವರೊಂದನ್ನು ನಡುವೆ ನಿಲ್ಲಿಸಿ ಅದರ ಮೂಲಕ ಹಾಯುವುದು. ಮೂರನ್ನೂ ಒಂದೇ ಮನೆಯ ಜಾಲದಲ್ಲಿ ನಡೆಸಿ ನೋಡಿದ ಮೇಲೆ ಬರೆದ ಹೋಲಿಕೆ ಇದು. ರೂಟರ್ 192.168.57.1, ವೈರ್‌ಗಾರ್ಡ್ ನಡೆಸುವ ರಾಸ್ಪ್‌ಬೆರಿ ಪೈ 192.168.57.2, ನ್ಯಾಸ್ 192.168.57.10 ಎಂದು ಇಟ್ಟುಕೊಳ್ಳೋಣ.

57 ಸುಮ್ಮನೆ ಆರಿಸಿದ್ದಲ್ಲ. ಬಹುತೇಕ ರೂಟರ್‌ಗಳು 192.168.1 ಅಥವಾ 192.168.0 ಸರಣಿಯಲ್ಲೇ ಬರುತ್ತವೆ. ಹೋಟೆಲಿನ ವೈಫೈಯೂ ಅದೇ ಸರಣಿಯಲ್ಲಿದ್ದರೆ ಮನೆಯ 192.168.1.10 ಕೇಳಿದಾಗ ಲ್ಯಾಪ್‌ಟಾಪ್ ಹೋಟೆಲಿನೊಳಗೇ ಹುಡುಕಬಹುದು, ವಿಪಿಎನ್ ಹತ್ತಿದ್ದರೂ ನ್ಯಾಸ್ ಸಿಗದೆ ಹೋಗಬಹುದು. ಯಾವ ದಾರಿ ಹಿಡಿದರೂ ಮೊದಲು ಮನೆಯ ಸರಣಿಯನ್ನು ಅಪರೂಪದ ಅಂಕಿಗೆ ಬದಲಿಸಿ. ಮನೆಯಲ್ಲಿ ಕೂತು ಮಾಡಿದರೆ ಹತ್ತು ನಿಮಿಷದ ಕೆಲಸ, ದೂರದಿಂದ ಮಾಡಲಾಗದ ಕೆಲಸ.

ಇನ್ನು ಆಯ್ಕೆಯನ್ನು ನಿರ್ಧರಿಸುವ ಪರೀಕ್ಷೆ. ರೂಟರಿನ ಪುಟದಲ್ಲಿ WAN ಐಪಿ ನೋಡಿ, ನಂತರ ಬ್ರೌಸರಿನಲ್ಲಿ ನಿಮ್ಮ ಐಪಿ ತೋರಿಸುವ ಯಾವುದಾದರೂ ತಾಣ ತೆರೆದು ನೋಡಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸಾರ್ವಜನಿಕ ಐಪಿ ಇದೆ. ರೂಟರಿನಲ್ಲಿ 100.64ರಿಂದ 100.127ರೊಳಗಿನ ಅಂಕಿಯೋ 10 ರಿಂದ ಶುರುವಾಗುವ ಅಂಕಿಯೋ ಕಂಡರೆ ನೀವು ಸಿಜಿನ್ಯಾಟ್‌ನ ಹಿಂದಿದ್ದೀರಿ: ಒಂದೇ ಐಪಿಯನ್ನು ಕಂಪನಿ ಹಲವು ಮನೆಗಳಿಗೆ ಹಂಚಿದೆ, ನಿಮ್ಮ ರೂಟರಿನಲ್ಲಿ ಎಷ್ಟೇ ಪೋರ್ಟ್ ತೆರೆದರೂ ಹೊರಗಿನ ಪ್ಯಾಕೆಟ್ ಅಲ್ಲಿಗೆ ಬರುವುದಿಲ್ಲ. ನಮ್ಮಲ್ಲಿ ಮನೆ ಬ್ರಾಡ್‌ಬ್ಯಾಂಡ್‌ಗೆ ಇದು ತೀರಾ ಸಾಮಾನ್ಯ. ಆದರೆ ಅಲ್ಲಿಗೇ ಕೈ ಬಿಡಬೇಡಿ. ರೂಟರಿಗೆ 2 ರಿಂದ ಶುರುವಾಗುವ ಐಪಿವಿ6 ವಿಳಾಸ ಬಂದಿದ್ದರೆ ಅದರ ಮೇಲೆ ನೇರ ವೈರ್‌ಗಾರ್ಡ್ ಆಗಬಹುದು. ಎರಡು ಷರತ್ತು: ರೂಟರಿನ ಐಪಿವಿ6 ಫೈರ್‌ವಾಲ್‌ನಲ್ಲಿ ಪೈಗೆ ಯುಡಿಪಿ 51820 ಬಿಡುವ ಅವಕಾಶ ಇರಬೇಕು, ಮತ್ತು ನೀವಿರುವ ಕಡೆಯೂ ಐಪಿವಿ6 ಇರಬೇಕು. ಮೊಬೈಲ್ ಡೇಟಾದಲ್ಲಿ ಸಾಮಾನ್ಯವಾಗಿ ಇರುತ್ತದೆ, ಹೋಟೆಲ್ ಮತ್ತು ಕಚೇರಿ ವೈಫೈಗಳಲ್ಲಿ ಬಹಳ ಸಲ ಇರುವುದಿಲ್ಲ.

ಮೊದಲ ದಾರಿ, ನೇರ ವೈರ್‌ಗಾರ್ಡ್. ಇಲ್ಲೂ ಒಂದು ಪೋರ್ಟ್ ತೆರೆಯುತ್ತೀರಿ, ಆದರೆ ನ್ಯಾಸ್‌ಗಲ್ಲ, ಪೈಗೆ. ಆ ಪೋರ್ಟ್ ಅಪರಿಚಿತರಿಗೆ ಉತ್ತರವನ್ನೇ ಕೊಡುವುದಿಲ್ಲ. ಸರಿಯಾದ ಕೀ ಇಲ್ಲದೆ ಬಂದ ಪ್ಯಾಕೆಟ್ಟನ್ನು ವೈರ್‌ಗಾರ್ಡ್ ಸದ್ದಿಲ್ಲದೆ ಎಸೆಯುತ್ತದೆ, ಸ್ಕ್ಯಾನ್ ಮಾಡುವವರಿಗೆ ಅಲ್ಲಿ ಏನಾದರೂ ಇದೆ ಎಂಬುದೇ ಗೊತ್ತಾಗುವುದಿಲ್ಲ. ಫೋನಿನ ಕಡೆಯ ಸಂರಚನೆ ಇಷ್ಟೇ:

```
[Interface]
PrivateKey = <ಫೋನಿನ ಖಾಸಗಿ ಕೀ>
Address = 10.44.0.2/32
MTU = 1280

[Peer]
PublicKey = <ಪೈನ ಸಾರ್ವಜನಿಕ ಕೀ>
Endpoint = mane.example.org:51820
AllowedIPs = 10.44.0.1/32, 192.168.57.10/32
```

AllowedIPs ಸಾಲಿನಲ್ಲಿ ಪೈ ಮತ್ತು ನ್ಯಾಸ್ ಎರಡೇ ಇವೆ. ಹಾಗಾಗಿ ಆ ಎರಡಕ್ಕೆ ಹೋಗುವ ದಟ್ಟಣೆ ಮಾತ್ರ ಮನೆಗೆ ತಿರುಗುತ್ತದೆ, ಉಳಿದ ಬ್ರೌಸಿಂಗ್ ಎಂದಿನಂತೆ ಹೋಗುತ್ತದೆ. ಹೊರಗಿರುವಾಗ ವಿಪಿಎನ್ ಸದಾ ಚಾಲೂ ಇಟ್ಟರೂ ತೊಂದರೆಯಿಲ್ಲ.

ಇದನ್ನು ಹಾಕಿದವರು ಹೆಚ್ಚಾಗಿ ಸಿಕ್ಕಿಬೀಳುವುದು ಹಿಂತಿರುಗುವ ದಾರಿಯಲ್ಲಿ. ಹ್ಯಾಂಡ್‌ಶೇಕ್ ಆಗಿದೆ, 10.44.0.1ಕ್ಕೆ ಪಿಂಗ್ ಹೋಗುತ್ತದೆ, ನ್ಯಾಸ್ ಮಾತ್ರ ಮೌನ. ಮೊದಲು ಪೈನಲ್ಲಿ `net.ipv4.ip_forward=1` ಇದೆಯೇ ನೋಡಿ. ಅದಿದ್ದೂ ಆಗದಿದ್ದರೆ ಕಾರಣ ಇದು: ಪ್ಯಾಕೆಟ್ ನ್ಯಾಸ್‌ಗೆ ತಲುಪಿದೆ, ಆದರೆ 10.44.0.2 ಎಂಬ ವಿಳಾಸ ಎಲ್ಲಿದೆ ಎಂದು ನ್ಯಾಸ್‌ಗೆ ಗೊತ್ತಿಲ್ಲ. ಉತ್ತರವನ್ನು ರೂಟರಿಗೆ ಕೊಡುತ್ತದೆ, ರೂಟರಿಗೂ ಗೊತ್ತಿಲ್ಲ. ನ್ಯಾಸ್‌ನ ಜಾಲ ಸಂಯೋಜನೆಯಲ್ಲೇ ಒಂದು ಸ್ಟ್ಯಾಟಿಕ್ ರೂಟ್ ಹಾಕಿ: 10.44.0.0/24ಕ್ಕೆ ಗೇಟ್‌ವೇ 192.168.57.2. ಅದನ್ನು ರೂಟರಿನಲ್ಲಿ ಹಾಕಿದರೆ ಕೆಲವು ರೂಟರ್‌ಗಳ ಫೈರ್‌ವಾಲ್ ಸಂವಾದದ ಅರ್ಧವನ್ನಷ್ಟೇ ಕಂಡು ಅನುಮಾನದಿಂದ ಪ್ಯಾಕೆಟ್ ಬೀಳಿಸುತ್ತದೆ. ನ್ಯಾಸ್‌ನಲ್ಲೇ ಹಾಕುವುದು ಖಚಿತ. ರೂಟ್ ಹಾಕಿದ ಮೇಲೂ ಬರದಿದ್ದರೆ ನ್ಯಾಸ್‌ನ ಸ್ವಂತ ಫೈರ್‌ವಾಲ್ ನೋಡಿ. ಅದು ಮನೆಯ ಸರಣಿಗೆ ಮಾತ್ರ ಬಾಗಿಲು ತೆರೆದಿರಬಹುದು.

ಹ್ಯಾಂಡ್‌ಶೇಕೇ ಆಗದಿದ್ದರೆ ವೈರ್‌ಗಾರ್ಡ್‌ನ ಮೌನ ನಿಮಗೂ ಕಾಟ ಕೊಡುತ್ತದೆ, ಏಕೆಂದರೆ ತಪ್ಪೇನು ಎಂದು ಅದು ಹೇಳುವುದಿಲ್ಲ. ಆಗ ಪೈನಲ್ಲಿ ಇದನ್ನು ಓಡಿಸಿ, ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ವಿಪಿಎನ್ ಹಚ್ಚಿ:

```
sudo tcpdump -ni eth0 udp port 51820
```

ಒಂದು ಸಾಲೂ ಮೂಡದಿದ್ದರೆ ತೊಂದರೆ ಪೈಗಿಂತ ಆಚೆಗಿದೆ: ಸಿಜಿನ್ಯಾಟ್, ಪೋರ್ಟ್ ಫಾರ್ವರ್ಡ್, ಅಥವಾ ಹಳೆಯ ಐಪಿ ತೋರಿಸುತ್ತಿರುವ, Endpoint ಸಾಲಿನಲ್ಲಿ ಬರೆದ ಡಿಡಿಎನ್‌ಎಸ್ ಹೆಸರು. ಒಳಬರುವ ಸಾಲು ಮಾತ್ರ ಮೂಡಿ ಉತ್ತರ ಹೋಗದಿದ್ದರೆ ಹೆಚ್ಚಾಗಿ ಕೀ ಅದಲುಬದಲಾಗಿದೆ. ಪೈನ ಸಂರಚನೆಯಲ್ಲಿ ಫೋನಿನ ಸಾರ್ವಜನಿಕ ಕೀ ಇರಬೇಕು, ಫೋನಿನಲ್ಲಿ ಪೈನದು.

ಇನ್ನೊಂದು ಲಕ್ಷಣ: ಪಿಂಗ್ ಹೋಗುತ್ತದೆ, ಫೋಲ್ಡರಿನ ಪಟ್ಟಿ ಕಾಣುತ್ತದೆ, ದೊಡ್ಡ ಫೈಲ್ ಎಳೆದ ಕೂಡಲೇ ನಿಂತುಬಿಡುತ್ತದೆ. ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರದ ಸಮಸ್ಯೆ. ವೈರ್‌ಗಾರ್ಡ್‌ನ ವಾಡಿಕೆಯ ಎಂಟಿಯು 1420. ಐಪಿವಿ6 ಮೇಲೆ ಹೋದಾಗ ಅದಕ್ಕೆ 80 ಬೈಟ್ ಹೊದಿಕೆ ಸೇರಿ 1500 ಆಗುತ್ತದೆ. ಪಿಪಿಪಿಒಇ ಸಂಪರ್ಕದಲ್ಲಿ ಹಿಡಿಸುವುದು 1492 ಮಾತ್ರ. ಮೇಲೆ 1280 ಬರೆದಿರುವುದು ಇದಕ್ಕಾಗಿಯೇ. ವೇಗ ಸ್ವಲ್ಪ ತಗ್ಗುತ್ತದೆ, ಆದರೆ ಬಹುಪಾಲು ಎಲ್ಲ ಜಾಲದಲ್ಲೂ ಹಾಯುತ್ತದೆ.

ಎರಡನೆಯದು ಟೇಲ್‌ಸ್ಕೇಲ್. ಒಳಗಿರುವುದು ಅದೇ ವೈರ್‌ಗಾರ್ಡ್. ಕೀಗಳ ವಿನಿಮಯ ಮತ್ತು ಪರಸ್ಪರರ ವಿಳಾಸ ಹುಡುಕುವುದನ್ನು ಕಂಪನಿಯ ಸರ್ವರ್ ನೋಡಿಕೊಳ್ಳುತ್ತದೆ, ಖಾಸಗಿ ಕೀ ನಿಮ್ಮ ಸಾಧನ ಬಿಟ್ಟು ಹೋಗುವುದಿಲ್ಲ. ಎರಡೂ ಕಡೆಯವು ಒಳಗಿನಿಂದ ಹೊರಕ್ಕೆ ಮಾತಾಡುವುದರಿಂದ ಪೋರ್ಟ್ ತೆರೆಯುವ ಗೊಡವೆಯಿಲ್ಲ, ಸಿಜಿನ್ಯಾಟ್ ಅಡ್ಡಿಯಾಗುವುದಿಲ್ಲ. ಅನುಸ್ಥಾಪನೆ ಸುಲಭ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಕಿದ ಮೇಲೆ ನೋಡಬೇಕಾದದ್ದು ಸಂಪರ್ಕ ನೇರವೋ, ಅವರ ರಿಲೇ ಮೂಲಕವೋ ಎಂಬುದನ್ನು:

```
tailscale ping nas
```

ಉತ್ತರದಲ್ಲಿ `via DERP(blr)` ಎಂದಿದ್ದರೆ ನಿಮ್ಮ ಡೇಟಾ ಬೆಂಗಳೂರಿನ ರಿಲೇ ಸುತ್ತಿ ಬರುತ್ತಿದೆ. ಮೊದಲೆರಡು ಉತ್ತರ ಹಾಗೆ ಬಂದು ನಂತರ ಐಪಿ ಮತ್ತು ಪೋರ್ಟ್ ಕಂಡರೆ ನೇರ ದಾರಿ ಸಿಕ್ಕಿದೆ. ಕೊನೆಯವರೆಗೂ ಡರ್ಪ್‌ನಲ್ಲೇ ಉಳಿದರೆ ಎರಡೂ ಕಡೆಯ ನ್ಯಾಟ್ ಬಿಗಿಯಾಗಿದೆ ಎಂದರ್ಥ. ಮನೆಯಲ್ಲೂ ಸಿಜಿನ್ಯಾಟ್, ಫೋನಿನಲ್ಲೂ ಸಿಜಿನ್ಯಾಟ್ ಇದ್ದಾಗ ಹೀಗಾಗುವುದು ಸಹಜ. ರಿಲೇಗೂ ನಿಮ್ಮ ಫೈಲ್ ಓದಲಾಗದು, ಗೂಢಲಿಪಿ ತುದಿಯಿಂದ ತುದಿಯವರೆಗೂ ಇರುತ್ತದೆ. ಕಡತ ತೆರೆಯಲು, ಫೋಟೋ ನೋಡಲು ರಿಲೇ ಸಾಕು; ವಿಡಿಯೊ ಅಥವಾ ಬ್ಯಾಕಪ್‌ಗೆ ಸಾಲದು, ಏಕೆಂದರೆ ಅದು ಎಲ್ಲರೂ ಹಂಚಿಕೊಂಡ, ವೇಗಕ್ಕೆ ಮಿತಿಯಿರುವ ಹಾದಿ. ಇದಕ್ಕೂ ಒಳ್ಳೆಯ ಮದ್ದು ಮನೆಯಲ್ಲಿ ಐಪಿವಿ6 ಚಾಲೂ ಮಾಡುವುದು. ಫೋನಿನಲ್ಲೂ ಐಪಿವಿ6 ಇದ್ದರೆ ಬಹುತೇಕ ಸಲ ನೇರ ದಾರಿ ಸಿಗುತ್ತದೆ.

ಟೇಲ್‌ಸ್ಕೇಲ್‌ನಲ್ಲಿ ಎರಡು ಸಂಗತಿ ಮರೆಯಬಾರದು. ಸಾಧನದ ಕೀ ವಾಡಿಕೆಯಂತೆ 180 ದಿನಕ್ಕೆ ಮುಗಿಯುತ್ತದೆ. ನ್ಯಾಸ್ ಮನೆಯಲ್ಲಿ, ನೀವು ಇನ್ನೊಂದು ದೇಶದಲ್ಲಿದ್ದಾಗ ಅದು ಮುಗಿದರೆ ಮತ್ತೆ ಲಾಗಿನ್ ಮಾಡಿಸಲು ಮನೆಯವರ ನೆರವು ಬೇಕು. ಅಡ್ಮಿನ್ ಪುಟದಲ್ಲಿ ನ್ಯಾಸ್ ಎದುರಿಗೆ `Disable key expiry` ಒತ್ತಿ. ಇನ್ನೊಂದು, ಬಾಗಿಲಿನ ಬೀಗ ಈಗ ನಿಮ್ಮ ಇಮೇಲ್ ಖಾತೆ. ಅದು ಕೈ ತಪ್ಪಿದರೆ ಕದ್ದವರು ಹೊಸ ಸಾಧನ ಸೇರಿಸಿ ಒಳಗೆ ಬರಬಹುದು. ಎರಡು ಹಂತದ ಲಾಗಿನ್ ಮತ್ತು ಸಾಧನಕ್ಕೆ ಒಪ್ಪಿಗೆ ಕೇಳುವ ಆಯ್ಕೆ ಎರಡನ್ನೂ ಹಾಕಿ. ಸಿನಾಲಜಿ ಡಿಎಸ್‌ಎಂ 7ರಲ್ಲಿ ಮತ್ತೊಂದು ಮಿತಿ: ಹೊರಗಿನಿಂದ ನ್ಯಾಸ್‌ಗೆ ಹೋಗಬಹುದು, ಆದರೆ ನ್ಯಾಸ್ ತಾನಾಗಿ ಇನ್ನೊಂದು ಮನೆಯ ಯಂತ್ರಕ್ಕೆ ಬ್ಯಾಕಪ್ ಕಳಿಸಬೇಕೆಂದರೆ TUN ಎಂಬ ಕಾಲ್ಪನಿಕ ಜಾಲ ಸಾಧನ ಚಾಲೂ ಮಾಡುವ ಹೆಚ್ಚುವರಿ ಹೆಜ್ಜೆ ಬೇಕು.

ಮೂರನೆಯ ದಾರಿ ಬಾಡಿಗೆ ಸರ್ವರ್. ಸಾರ್ವಜನಿಕ ಐಪಿ ಇರುವ ಚಿಕ್ಕ ವಿಪಿಎಸ್ ಪಡೆದು, ಪೈ ಅಲ್ಲಿಗೆ ವೈರ್‌ಗಾರ್ಡ್ ಹಚ್ಚುತ್ತದೆ, ಫೋನೂ ಅಲ್ಲಿಗೇ ಹಚ್ಚುತ್ತದೆ. ಪೈನ ಕಡೆ `PersistentKeepalive = 25` ಕಡ್ಡಾಯ, ಇಲ್ಲದಿದ್ದರೆ ಕೆಲಸವಿಲ್ಲದ ಹೊತ್ತಿನಲ್ಲಿ ಸಿಜಿನ್ಯಾಟ್ ಆ ದಾರಿಯನ್ನು ಮರೆತು ಫೋನಿನ ಕರೆ ಮನೆಗೆ ಮುಟ್ಟುವುದಿಲ್ಲ. ಸರ್ವರ್ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರಲಿ. ದೂರದ ದೇಶದಲ್ಲಿದ್ದರೆ ಪ್ರತಿ ಫೈಲೂ ಅಲ್ಲಿಗೆ ಹೋಗಿ ಬರಬೇಕು. ಟೇಲ್‌ಸ್ಕೇಲ್ ರಿಲೇಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ: ಇಲ್ಲಿ ಸರ್ವರ್ ಒಂದು ಸುರಂಗದ ಗೂಢಲಿಪಿ ಬಿಡಿಸಿ ಇನ್ನೊಂದಕ್ಕೆ ಹಾಕುತ್ತದೆ. ಹಾಗಾಗಿ ನ್ಯಾಸ್‌ಗೆ ಎಚ್‌ಟಿಟಿಪಿಎಸ್ ಅಥವಾ ಎಸ್‌ಎಫ್‌ಟಿಪಿಯಲ್ಲೇ ಹೋಗಿ.

ಕರೆಂಟು ಹೋಗಿ ಬರುವ ಮನೆಗಳಲ್ಲಿ ಇದಕ್ಕೊಂದು ವಿಚಿತ್ರ ತೊಡಕಿದೆ. ರಾಸ್ಪ್‌ಬೆರಿ ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಎದ್ದಾಗ ಹಳೆಯ ಸಮಯದಲ್ಲಿರುತ್ತದೆ. ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನಲ್ಲಿ ಸಮಯ ಸೇರಿರುತ್ತದೆ, ಹಿಂದೆ ಕಂಡದ್ದಕ್ಕಿಂತ ಹಳೆಯ ಸಮಯ ಬಂದರೆ ಸರ್ವರ್ ಅದನ್ನು ತಿರಸ್ಕರಿಸುತ್ತದೆ. ಪೈ ಇಂಟರ್ನೆಟ್ಟಿನಿಂದ ಸಮಯ ಸರಿಮಾಡಿಕೊಂಡ ಕೂಡಲೇ ಎಲ್ಲವೂ ಸರಿಹೋಗುತ್ತದೆ. ಆದರೆ ಪೈನ ಸಂರಚನೆಯಲ್ಲಿ AllowedIPs ಅನ್ನು `0.0.0.0/0` ಎಂದು ಬರೆದಿದ್ದರೆ ಸಮಯ ಕೇಳುವ ಪ್ಯಾಕೆಟ್ಟೂ ಹತ್ತದ ಸುರಂಗದೊಳಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ `10.44.0.0/24` ಮಾತ್ರ ಇರಲಿ.

ವೇಗದ ಲೆಕ್ಕಕ್ಕೆ ಮೂರಕ್ಕೂ ಒಂದೇ ಮೇಲ್ಮಿತಿ, ಮನೆಯ ಅಪ್‌ಲೋಡ್. 100 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಸೆಕೆಂಡಿಗೆ ಸುಮಾರು 11 ಎಂಬಿ ದಕ್ಕಿದರೆ 20 ಜಿಬಿ ಫೋಲ್ಡರ್ ಇಳಿಸಲು ಅರ್ಧ ಗಂಟೆ. ನೇರ ದಾರಿಯಲ್ಲಿ ಇದಕ್ಕೆ ಹತ್ತಿರ ಹೋಗಬಹುದು. ಸಾವಿರಾರು ಚಿಕ್ಕ ಫೈಲುಗಳನ್ನು ಎಸ್‌ಎಂಬಿ ಮೂಲಕ ಎಳೆದರೆ ಮಾತ್ರ ಯಾವ ವಿಪಿಎನ್ ಆದರೂ ತೆವಳುತ್ತದೆ, ಏಕೆಂದರೆ ಒಂದೊಂದು ಫೈಲಿಗೂ ಹಲವು ಸಲ ಹೋಗಿಬರುವ ಮಾತುಕತೆ ನಡೆಯುತ್ತದೆ. ಅಂಥದ್ದಕ್ಕೆ `rsync` ಬಳಸಿ.

ನನ್ನ ಆಯ್ಕೆ ಹೀಗೆ: ಸಾರ್ವಜನಿಕ ಐಪಿ ಇದ್ದರೆ ನೇರ ವೈರ್‌ಗಾರ್ಡ್, ಸಿಜಿನ್ಯಾಟ್ ಇದ್ದರೆ ಟೇಲ್‌ಸ್ಕೇಲ್. ಬಾಡಿಗೆ ಸರ್ವರ್ ಎಂದರೆ ಅಪ್‌ಡೇಟ್ ಮಾಡುತ್ತಾ ಕಾಯಬೇಕಾದ ಇನ್ನೊಂದು ಯಂತ್ರ. ಡರ್ಪ್ ಬಿಟ್ಟು ಕದಲದ ಮನೆಯಲ್ಲಿ ವಿಡಿಯೊ ನೋಡಲೇಬೇಕು ಎಂದಾಗ ಮಾತ್ರ ಅದು ಬೇಕಾಗುತ್ತದೆ. ಕಚೇರಿ ವೈಫೈಯಲ್ಲಿ ಯುಡಿಪಿಯನ್ನೇ ತಡೆದಿದ್ದರೆ ಮೊದಲ ಮತ್ತು ಮೂರನೆಯ ದಾರಿ ಎರಡೂ ನಿಲ್ಲುತ್ತವೆ, ಟೇಲ್‌ಸ್ಕೇಲ್ ಮಾತ್ರ ಎಚ್‌ಟಿಟಿಪಿಎಸ್‌ನ 443 ಪೋರ್ಟ್ ಹಿಡಿದು ರಿಲೇ ತಲುಪುತ್ತದೆ. ಈ ಕಾರಣಕ್ಕೆ ನೇರ ವೈರ್‌ಗಾರ್ಡ್ ಇರುವ ಮನೆಯಲ್ಲೂ ನ್ಯಾಸ್ ಮೇಲೆ ಟೇಲ್‌ಸ್ಕೇಲ್ ಹಾಕಿಟ್ಟಿರುವುದು ಒಳ್ಳೆಯದು. ಫೋನಿನಲ್ಲಿ ಒಂದು ಹೊತ್ತಿಗೆ ಒಂದೇ ವಿಪಿಎನ್ ಚಾಲೂ ಇರಲು ಸಾಧ್ಯ, ಆದ್ದರಿಂದ ಒಂದನ್ನು ಆಫ್ ಮಾಡಿ ಇನ್ನೊಂದನ್ನು ಹಚ್ಚಬೇಕು.