ಪೇರ್ ಆಗಿದೆ, ಬಿಲ್ ಮಾತ್ರ ಬರ್ತಿಲ್ಲ: ಬ್ಲೂಟೂತ್ ಪ್ರಿಂಟರ್ ಜೊತೆ ಒಂದೂವರೆ ವರ್ಷ

ಗಿರಾಕಿ ಎದುರಿಗೆ ನಿಂತಿದ್ದಾರೆ. ದುಡ್ಡು ಕೊಟ್ಟಾಗಿದೆ, ನೋಟ್‌ಬುಕ್ ಪೆನ್ನು ಎಲ್ಲ ಚೀಲಕ್ಕೆ ಹೋಗಿದೆ. ನಾನು ಫೋನಿನಲ್ಲಿ ಪ್ರಿಂಟ್ ಒತ್ತಿದ್ದೇನೆ. ಪ್ರಿಂಟರ್ ಮಾತ್ರ ಸುಮ್ನೆ ಕೂತಿದೆ. ಇನ್ನೊಂದು ಸಲ ಒತ್ತುತ್ತೇನೆ. ಈಗ ಒಂದರ ಬೆನ್ನಿಗೆ ಒಂದು ಎರಡು ಬಿಲ್ ಬರುತ್ತವೆ. "ಎರಡು ಸಲ ದುಡ್ಡು ಕೊಡ್ಬೇಕಾ?" ಅಂತ ಗಿರಾಕಿ ನಗುತ್ತಾರೆ. ನಾನೂ ನಗುತ್ತೇನೆ, ಒಳಗೆ ಮಾತ್ರ ಉರಿಯುತ್ತಿರುತ್ತದೆ.

ಶಾಯಿ ಇಲ್ಲದೆ ಪೇಪರನ್ನು ಬಿಸಿ ಮಾಡಿ ಅಕ್ಷರ ಮೂಡಿಸೋ, ಕೈಯಲ್ಲಿ ಹಿಡಿಯೋ ಎರಡಿಂಚಿನ ಥರ್ಮಲ್ ಪ್ರಿಂಟರ್, ಆಂಡ್ರಾಯ್ಡ್ ಫೋನಿನಲ್ಲಿ ಒಂದು ಬಿಲ್ಲಿಂಗ್ ಆ್ಯಪ್, ಸಣ್ಣ ಸ್ಟೇಷನರಿ ಅಂಗಡಿ. ನನ್ನ ವ್ಯವಸ್ಥೆ ಇಷ್ಟೇ. ಕಂಪ್ಯೂಟರ್ ಇಡಲು ನನ್ನ ಮೇಜಿನಲ್ಲಿ ಜಾಗವೂ ಇಲ್ಲ, ಜೇಬಿನಲ್ಲಿ ಅಷ್ಟು ಕಾಸೂ ಇರಲಿಲ್ಲ. ಪ್ರಿಂಟರಿನ ಡಬ್ಬಿ ಮೇಲೆ ಬರೆದಿರುವುದನ್ನೆಲ್ಲ ಇಲ್ಲಿ ಮತ್ತೆ ಬರೆಯೋದಿಲ್ಲ, ಅದನ್ನು ನೀವೇ ನೋಡಿರುತ್ತೀರಿ. ಅಲ್ಲಿ ಬರೆಯದೇ ಇರೋದು ಒಂದಿದೆ. ಪೇರ್ ಆಗೋದು ಬೇರೆ, ಕನೆಕ್ಟ್ ಆಗೋದು ಬೇರೆ. ಇದು ತಲೆಗೆ ಹೋಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಮೊದಲ ದಿನ ಎಲ್ಲ ಸುಸೂತ್ರವಾಗಿಯೇ ಆಯಿತು. ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದೆ, ಪಿನ್ ಕೇಳಿತು. ಈ ಜಾತಿಯ ಪ್ರಿಂಟರುಗಳಲ್ಲಿ ಅದು ಸಾಮಾನ್ಯವಾಗಿ 0000 ಇಲ್ಲವೇ 1234. ನನ್ನದು ಎರಡನೆಯದು. ಒಂದೇ ಪ್ರಿಂಟರ್ ಎರಡು ಹೆಸರಲ್ಲಿ ಕಾಣಿಸಿದಾಗ ಮಾತ್ರ ಸ್ವಲ್ಪ ತಬ್ಬಿಬ್ಬಾದೆ. ಒಂದು ಹಳೇ ರೀತಿಯ ಬ್ಲೂಟೂತಿನದು, ಇನ್ನೊಂದು ಕಡಿಮೆ ಬ್ಯಾಟರಿ ತಿನ್ನೋ ಹೊಸ ರೀತಿಯದು. ನನ್ನ ಆ್ಯಪ್‌ಗೆ ಹಳೇದೇ ಬೇಕಿತ್ತು. ಹೊಸದನ್ನು ಆರಿಸಿದರೆ ಆ್ಯಪಿನ ಪಟ್ಟಿಯಲ್ಲಿ ಪ್ರಿಂಟರ್ ಕಾಣಿಸುತ್ತಲೇ ಇರಲಿಲ್ಲ. ಪಟ್ಟಿ ಪೂರ್ತಿ ಖಾಲಿ ಇದ್ದರೆ ಕಾರಣ ಬೇರೆ. ಆಂಡ್ರಾಯ್ಡ್ 12ರಿಂದ ಈಚೆಗೆ ಆ್ಯಪ್‌ಗೆ Nearby devices ಅನುಮತಿ ಕೊಡಬೇಕು. ಗಡಿಬಿಡಿಯಲ್ಲಿ ಬೇಡ ಅಂತ ಒತ್ತಿದ್ದರೆ ಅನುಮತಿ ಇಲ್ಲ ಅಂತ ಆ್ಯಪ್ ಹೇಳೋದೂ ಇಲ್ಲ, ಖಾಲಿ ಪಟ್ಟಿ ತೋರಿಸಿ ಸುಮ್ಮನಾಗುತ್ತದೆ.

ಆಮೇಲೆ ಶುರುವಾಯಿತು ನಾನು ಮೇಲೆ ಹೇಳಿದ ಎರಡು ಬಿಲ್ಲಿನ ಕಾಟ. ಬೆಳಗ್ಗೆ ಜನ ಜಾಸ್ತಿ ಇರುವಾಗ ಒಂದು ತೊಂದರೆಯೂ ಇಲ್ಲ. ಮಧ್ಯಾಹ್ನ ಅರ್ಧ ಗಂಟೆ ಯಾರೂ ಬರದೆ, ಆಮೇಲೆ ಒಬ್ಬರು ಬಂದರೆ ಬಿಲ್ ಬರೋದಿಲ್ಲ. ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಪೇರ್ ಆಗಿದೆ ಅಂತಲೇ ಇದೆ. ನಾನು ಮಾಡುತ್ತಿದ್ದ ದಡ್ಡತನ ಏನು ಗೊತ್ತಾ? ಪೇರಿಂಗ್ ಅಳಿಸಿ, ಮತ್ತೆ ಹುಡುಕಿ, ಮತ್ತೆ ಪಿನ್ ಹಾಕೋದು. ಹಾಗೆ ಮಾಡಿದಾಗ ಕೆಲಸ ಆಗುತ್ತಿತ್ತು. ಅದಕ್ಕೇ ಪೇರಿಂಗ್‌ನಲ್ಲೇ ದೋಷ ಅಂತ ನಂಬಿಕೊಂಡಿದ್ದೆ.

ನಿಜ ಸಂಗತಿ ಬೇರೆಯೇ. ಪೇರಿಂಗ್ ಅಂದರೆ ಎರಡು ಯಂತ್ರ ಒಂದರ ಗುರುತನ್ನು ಇನ್ನೊಂದು ಬರೆದಿಟ್ಟುಕೊಳ್ಳೋದು. ಪ್ರಿಂಟರ್ ಆಫ್ ಆಗಿದ್ದರೂ ಫೋನಿನಲ್ಲಿ ಅದು ಹಾಗೇ ಉಳಿಯುತ್ತದೆ. ಬಿಲ್ ಹೋಗೋ ದಾರಿಯನ್ನು ಆ್ಯಪ್ ಬೇರೆಯಾಗಿ ತೆರೆದುಕೊಳ್ಳಬೇಕು, ಅದೇ ಕನೆಕ್ಷನ್. ನನ್ನ ಪ್ರಿಂಟರ್ ಹತ್ತು ನಿಮಿಷ ಕೆಲಸ ಇಲ್ಲದಿದ್ದರೆ ಬ್ಯಾಟರಿ ಉಳಿಸಲು ತಾನಾಗಿಯೇ ಆಫ್ ಆಗುತ್ತದೆ. ದಾರಿ ಅಲ್ಲಿಗೇ ಕಡಿಯಿತು. ಆ್ಯಪ್‌ಗೆ ಅದರ ಖಬರೇ ಇಲ್ಲ, ಮೂಲೆಯಲ್ಲಿ ಹಸಿರು ಚುಕ್ಕಿ ತೋರಿಸುತ್ತಲೇ ಇರುತ್ತದೆ. ನಾನು ಪ್ರಿಂಟರ್ ಆನ್ ಮಾಡಿ ಪ್ರಿಂಟ್ ಒತ್ತಿದರೆ ಮೊದಲ ಬಿಲ್ ಆ ಸತ್ತ ದಾರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಎರಡನೇ ಸಲ ಒತ್ತಿದಾಗ ಆ್ಯಪ್ ಎಚ್ಚೆತ್ತು ಹೊಸ ದಾರಿ ತೆರೆಯುತ್ತದೆ, ಸಿಕ್ಕಿಕೊಂಡದ್ದನ್ನೂ ಸೇರಿಸಿ ಎರಡೂ ಕಳಿಸುತ್ತದೆ.

ಇದನ್ನು ಕಂಡುಹಿಡಿದದ್ದು ಪ್ರಿಂಟರಿನ ದೀಪ ನೋಡಿ. ನನ್ನದರಲ್ಲಿ ನೀಲಿ ದೀಪ ಮಿನುಗುತ್ತಿದ್ದರೆ ಯಾರೂ ಕನೆಕ್ಟ್ ಆಗಿಲ್ಲ, ಸ್ಥಿರವಾಗಿದ್ದರೆ ಯಾರೋ ಇದ್ದಾರೆ ಅಂತ. ಈಗ ಆ್ಯಪಿನ ಹಸಿರು ಚುಕ್ಕಿಯನ್ನು ನಂಬೋದಿಲ್ಲ, ಈ ದೀಪವನ್ನೇ ನಂಬುತ್ತೇನೆ.

ಒಂದು ದಿನ ಅದೇ ದೀಪ ಇನ್ನೊಂದು ಪಾಠ ಕಲಿಸಿತು. ದೀಪ ಸ್ಥಿರವಾಗಿತ್ತು, ಬಿಲ್ ಮಾತ್ರ ಬರಲಿಲ್ಲ. ಯಾರೋ ಇದ್ದಾರೆ, ಆದರೆ ನಾನಲ್ಲ! ಹಿಂದಿನ ಕೋಣೆಯಲ್ಲಿ ಸ್ಟಾಕ್ ಜೋಡಿಸುತ್ತಿದ್ದ ತಮ್ಮನನ್ನು ಕೂಗಿದೆ.

"ನಿನ್ ಫೋನಲ್ಲಿ ಆ್ಯಪ್ ತೆಗೆದಿದ್ದೀಯೇನೋ?"

"ಸ್ಟಾಕ್ ನೋಡೋಕೆ ತೆಗ್ದೆ ಅಣ್ಣ. ಪ್ರಿಂಟೇನೂ ಕೊಟ್ಟಿಲ್ಲ."

ಪ್ರಿಂಟ್ ಕೊಡಬೇಕಂತಲೇ ಇಲ್ಲ. ಆ್ಯಪ್ ತೆರೆದ ತಕ್ಷಣ ಅದು ಪ್ರಿಂಟರನ್ನು ಹಿಡಿದುಕೊಳ್ಳುತ್ತದೆ. ಈ ಪ್ರಿಂಟರ್ ಒಂದಕ್ಕಿಂತ ಹೆಚ್ಚು ಫೋನಿಗೆ ಪೇರ್ ಆಗುತ್ತದೆ, ಆದರೆ ಒಂದು ಹೊತ್ತಿಗೆ ಮಾತಾಡೋದು ಒಬ್ಬರ ಜೊತೆ ಮಾತ್ರ.

ಎರಡೂ ಕಾಟಕ್ಕೆ ಮದ್ದು ಆ್ಯಪಿನ ಒಳಗೇ ಇತ್ತು. ಪ್ರಿಂಟರ್ ಸೆಟ್ಟಿಂಗ್‌ನ ಕೊನೆಯಲ್ಲಿ, ಬಿಲ್ ಆದ ಮೇಲೆ ಕನೆಕ್ಷನ್ ಬಿಟ್ಟುಬಿಡು ಅನ್ನೋ ಆಯ್ಕೆ. ಅದನ್ನು ಹಾಕಿದರೆ ಪ್ರತಿ ಬಿಲ್‌ಗೂ ಹೊಸದಾಗಿ ಕನೆಕ್ಟ್ ಆಗಿ, ಮುದ್ರಿಸಿ, ಬಿಟ್ಟುಬಿಡುತ್ತದೆ. ಬಿಲ್ಲಿಗೆ ಎರಡು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಆದರೆ ಸತ್ತ ದಾರಿಯ ಮಾತೇ ಇಲ್ಲ, ತಮ್ಮನೂ ನಾನೂ ಕಿತ್ತಾಡೋದೂ ಇಲ್ಲ. ಒಂದು ವಾರ ನಾನು ಈ ಪ್ರಿಂಟರನ್ನು ಎಲ್ಲರ ಮುಂದೆಯೂ ಹೊಗಳಿದೆ.

ಎಂಟನೇ ದಿನ ಬಿಲ್ಲಿನ ಕೊನೆಯ ಸಾಲುಗಳು ಕಾಣೆ. ಸಾಮಾನಿನ ಹೆಸರು ಬಂದಿದೆ, ಒಟ್ಟು ಮೊತ್ತ ಬರಬೇಕಾದ ಜಾಗದಲ್ಲಿ ಅಕ್ಷರದ ಮೇಲಿನ ಅರ್ಧ ಮಾತ್ರ. ಮುಂದಿನ ಬಿಲ್ ಇನ್ನೂ ಚೆಂದ, ತಲೆಯಲ್ಲಿ ಅಂಗಡಿ ಹೆಸರಿನ ಬದಲು ಕಪ್ಪು ಚುಕ್ಕಿಗಳ ಪಟ್ಟಿ, ಅರ್ಥವಿಲ್ಲದ ಅಕ್ಷರ.

ಮೊದಲು ಪ್ರಿಂಟರೇ ಕೆಟ್ಟಿತು ಅಂದುಕೊಂಡೆ. ಆಫ್ ಮಾಡಿ, ಫೀಡ್ ಬಟನ್ ಒತ್ತಿ ಹಿಡಿದುಕೊಂಡೇ ಆನ್ ಮಾಡಿದರೆ ಅದು ಫೋನಿನ ಹಂಗಿಲ್ಲದೆ ತನ್ನ ಪರೀಕ್ಷೆಯ ಚೀಟಿ ಮುದ್ರಿಸುತ್ತದೆ. ಚೀಟಿ ಅಚ್ಚುಕಟ್ಟಾಗಿ ಬಂತು. ಅಂದರೆ ಪ್ರಿಂಟರ್, ಪೇಪರ್ ಎರಡೂ ಸರಿ. ಸಾಮಾನಿನ ಹೆಸರೆಲ್ಲ ಇಂಗ್ಲಿಷಿನಲ್ಲಿದ್ದ ಒಂದು ಬಿಲ್ ಕೊಟ್ಟೆ, ಅದೂ ಪೂರ್ತಿ ಬಂತು. ಕನ್ನಡದ ಹೆಸರಿದ್ದ ಬಿಲ್ ಮಾತ್ರ ತುಂಡಾಗುತ್ತಿತ್ತು.

ಇದರ ಲೆಕ್ಕ ಗೊತ್ತಾದ ಮೇಲೆ ನನಗೇ ಮಜಾ ಅನಿಸಿತು. ನನ್ನ ಪ್ರಿಂಟರಿನ ಒಳಗೆ ಇಂಗ್ಲಿಷ್ ಅಕ್ಷರಗಳ ಅಚ್ಚು ಇದೆ, ಕನ್ನಡದ್ದು ಇಲ್ಲ. ಇಂಗ್ಲಿಷಿನ ಒಂದು ಸಾಲಿಗೆ 32 ಅಕ್ಷರ, ಫೋನ್ ಕಳಿಸಬೇಕಾದ್ದು ಸುಮಾರು 32 ಬೈಟ್. ಕನ್ನಡದ ಸಾಲನ್ನು ಆ್ಯಪ್ ಚಿತ್ರ ಮಾಡಿ ಕಳಿಸುತ್ತದೆ. ಪೇಪರಿನ ಅಡ್ಡಕ್ಕೆ 384 ಚುಕ್ಕಿ, ಅಂದರೆ 48 ಬೈಟ್. ಒತ್ತಕ್ಷರಕ್ಕೆ ಜಾಗ ಬಿಟ್ಟು ಒಂದು ಸಾಲು 40 ಚುಕ್ಕಿ ಎತ್ತರ ಅಂತಿಟ್ಟುಕೊಳ್ಳಿ, 1,920 ಬೈಟ್ ಆಯಿತು. ಅದೇ ಒಂದು ಸಾಲು, ಆದರೆ ಹೊರೆ ಅರವತ್ತು ಪಟ್ಟು! ಹದಿನೈದು ಸಾಲಿನ ಬಿಲ್ ಇಂಗ್ಲಿಷಿನಲ್ಲಿ ಐನೂರು ಬೈಟ್ ದಾಟೋದಿಲ್ಲ, ಕನ್ನಡದಲ್ಲಿ 28,800.

ಇಷ್ಟೂ ಪ್ರಿಂಟರಿಗೆ ತಲುಪಲು ಸಮಯ ಬೇಕು. ನನ್ನ ಆ್ಯಪ್ ಕಳಿಸೋಕೆ ಕೊಟ್ಟ ಕೂಡಲೇ ಕೆಲಸ ಮುಗೀತು ಅಂತ ಕನೆಕ್ಷನ್ ಬಿಡುತ್ತಿತ್ತು, ಬಾಲ ದಾರಿಯಲ್ಲೇ ಉಳಿಯುತ್ತಿತ್ತು. ಚಿತ್ರ ಕಳಿಸುವಾಗ ಇಷ್ಟು ಬೈಟ್ ಬರುತ್ತದೆ ಅಂತ ಪ್ರಿಂಟರಿಗೆ ಮೊದಲೇ ಹೇಳಿರುತ್ತದೆ. ಪ್ರಿಂಟರ್ ಉಳಿದದ್ದಕ್ಕೆ ಕಾಯುತ್ತಾ ಕೂತಿರುತ್ತದೆ. ಮುಂದಿನ ಬಿಲ್ ಬಂದಾಗ ಅದರ ತಲೆಯನ್ನೇ ಹಳೇ ಚಿತ್ರದ ಬಾಲ ಅಂತ ತಿಳಿದು ಮುದ್ರಿಸಿಬಿಡುತ್ತದೆ. ಚುಕ್ಕಿಗಳ ಪಟ್ಟಿ ಬಂದದ್ದು ಹೀಗೆ. ಒಂದು ಬಿಲ್ಲಿನ ಬಾಲ ಹೋಗಿ, ಮುಂದಿನದರ ತಲೆ ಕೆಟ್ಟರೆ ಇದೇ ರೋಗ ಅಂತ ತಿಳಿಯಿರಿ. ಆ ಹೊತ್ತಿಗೆ ಪ್ರಿಂಟರ್ ಒಮ್ಮೆ ಆಫ್ ಆನ್ ಮಾಡಿದರೆ ಅದು ಕಾಯೋದನ್ನು ಬಿಡುತ್ತದೆ.

ಖಾಯಂ ಮದ್ದು, ಕನೆಕ್ಷನ್ ಬಿಡೋ ಮುಂಚೆ ಕಾಯೋ ಸಮಯ. ನನ್ನ ಆ್ಯಪಿನಲ್ಲಿ ಅದು ಅರ್ಧ ಸೆಕೆಂಡ್ ಇತ್ತು, ಮೂರು ಸೆಕೆಂಡಿಗೆ ಏರಿಸಿದೆ. ಆಮೇಲೆ ಬಿಲ್ ತುಂಡಾಗಿಲ್ಲ. ನಿಮ್ಮ ಆ್ಯಪಿನಲ್ಲಿ ಈ ಆಯ್ಕೆ ಇಲ್ಲದಿದ್ದರೆ ಕನ್ನಡವನ್ನು ಅಂಗಡಿ ಹೆಸರಿಗೆ ಮಾತ್ರ ಇಟ್ಟು, ಸಾಮಾನಿನ ಪಟ್ಟಿ ಇಂಗ್ಲಿಷಿನಲ್ಲಿ ಇಡೋದೇ ವಾಸಿ. ನನಗೆ ಅದು ಒಗ್ಗಲಿಲ್ಲ. ತಮ್ಮ ಭಾಷೆಯಲ್ಲಿ ಸಾಮಾನಿನ ಹೆಸರು ಕಂಡರೆ ವಯಸ್ಸಾದವರು ಒಂದು ಸಲ ಬೆರಳಿಟ್ಟು ಓದಿಯೇ ಹೋಗುತ್ತಾರೆ. ಅದನ್ನು ನೋಡೋ ಖುಷಿಗೆ ಮೂರು ಸೆಕೆಂಡ್ ಕೊಡಬಹುದು.

ಇಷ್ಟೆಲ್ಲ ಬೈದೆ, ಆದರೂ ಈ ಡಬ್ಬಿಯ ಮೇಲೆ ಪ್ರೀತಿ ಬಂದಿದೆ. ಬೆಳಗ್ಗೆ ಬಾಗಿಲು ತೆಗೆದ ಮೇಲೆ ನನ್ನ ಮೊದಲ ಕೆಲಸ ಇದರದ್ದೇ. ಚಾರ್ಜರ್ ಕಿತ್ತು, ಮುಚ್ಚಳ ಎತ್ತಿ, ರೋಲ್ ಎಷ್ಟಿದೆ ನೋಡುತ್ತೇನೆ. ಹೊಸ ರೋಲ್ ಹಾಕುವಾಗ ಪೇಪರಿನ ತುದಿಯನ್ನು ಉಗುರಿನಿಂದ ಗೀರುತ್ತೇನೆ. ಕಪ್ಪು ಗೆರೆ ಬಿದ್ದ ಮಗ್ಗುಲು ಹೆಡ್ಡಿನ ಕಡೆಗೆ ಇರಬೇಕು. ತಿರುವುಮುರುವಾದರೆ ಪೇಪರ್ ಓಡುತ್ತದೆ, ಅಕ್ಷರ ಮೂಡೋದಿಲ್ಲ. ಆಮೇಲೆ ಮುಚ್ಚಳ ಟಕ್ ಅಂತ ಕೂರಿಸಿ, ಒಂದು ಖಾಲಿ ಫೀಡ್. ಬಿಲ್ ಹರಿಯೋದರಲ್ಲೂ ಒಂದು ಕೈಚಳಕ ಇದೆ, ನೇರ ಎಳೆದರೆ ಅಡ್ಡಾದಿಡ್ಡಿ ಹರಿಯುತ್ತದೆ, ಒಂದು ಮೂಲೆಯಿಂದ ಓರೆಯಾಗಿ ಎಳೆದರೆ ಹಲ್ಲಿನ ಗುಂಟ ನೀಟಾಗಿ ಬರುತ್ತದೆ. ನನ್ನ ತಮ್ಮನಿಗೆ ಇದು ಇವತ್ತಿಗೂ ಬಂದಿಲ್ಲ.

ಬ್ಯಾಟರಿ ಹೊಸದಿದ್ದಾಗ ಎರಡು ದಿನ ಬರುತ್ತಿತ್ತು, ಈಗ ಸಂಜೆಗೆ ಸುಸ್ತಾಗುತ್ತದೆ. ಸುಸ್ತಾದದ್ದು ಗೊತ್ತಾಗೋದು ಲೋಗೊದಲ್ಲಿ. ಅಕ್ಷರ ಸರಿಯಾಗಿ ಬರುತ್ತಿರುತ್ತದೆ, ದಟ್ಟ ಕಪ್ಪಿನ ಲೋಗೊ ಬಂದ ಕೂಡಲೇ ಪ್ರಿಂಟರ್ ಆಫ್. ಅಷ್ಟು ಚುಕ್ಕಿ ಒಟ್ಟಿಗೆ ಬಿಸಿ ಮಾಡೋ ತಾಕತ್ತು ಅದಕ್ಕಿರೋದಿಲ್ಲ. ಲೋಗೊವನ್ನು ಬರೀ ಗೆರೆಯ ಚಿತ್ರ ಮಾಡಿಕೊಂಡೆ, ಈಗ ರಾತ್ರಿ ತನಕ ಎಳೆಯುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಹಸಿರು ಚುಕ್ಕಿಯ ಸುಳ್ಳಿಗೆ. ಒಂದು ಕಳೆದದ್ದು ಹೋದ ತಿಂಗಳು ನಡೆದ ವಿಷಯಕ್ಕೆ. ಒಬ್ಬರು ಕ್ಯಾಲ್ಕುಲೇಟರ್ ಕೆಟ್ಟಿದೆ ಅಂತ ವಾರಂಟಿಗೆ ಬಂದರು. ಬಿಲ್ಲನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ತೆಗೆದು ಕೊಟ್ಟರೆ ಬಿಳಿ ಪೇಪರ್, ಒಂದಕ್ಷರ ಇಲ್ಲ. ಬಿಸಿಲು, ಸೆಕೆ ಸಾಲದು ಅಂತ ಕೆಲವು ಪ್ಲಾಸ್ಟಿಕ್ಕೂ ಈ ಅಕ್ಷರವನ್ನು ತಿನ್ನುತ್ತದೆ. ಆ್ಯಪಿನಲ್ಲಿ ಅವರ ಫೋನ್ ನಂಬರ್ ಹಾಕಿ ಹುಡುಕಿದೆ, ಹಳೇ ಬಿಲ್ ಸಿಕ್ಕಿತು. ಮತ್ತೆ ಪ್ರಿಂಟ್ ಒತ್ತಿದೆ. ನೀಲಿ ದೀಪ ಸ್ಥಿರವಾಯಿತು, ಒಂದೇ ಬಿಲ್ ಬಂತು.