ಬಿಲ್ಲಿನ ಮೊತ್ತ ತಾನಾಗಿಯೇ ಕಾರ್ಡ್ ಮಷಿನ್ನಿಗೆ ಹೋಗುತ್ತದೆ ಎಂದು ಮಾರುವವರ ಬಗ್ಗೆ ಎಚ್ಚರ

ಶಿವಮೊಗ್ಗದಲ್ಲಿ ಅಡಿಕೆ ತೋಟಕ್ಕೆ ಬೇಕಾದ ಮೈಲುತುತ್ತ, ಸುಣ್ಣ, ಸ್ಪ್ರೇಯರ್, ಟಾರ್ಪಾಲು ಮಾರುವ ಅಂಗಡಿ ನಮ್ಮದು. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಲು ಬಂದವರು, ಇನ್ನು ಮೇಲೆ ಮೊತ್ತವನ್ನು ಕೈಯಿಂದ ಒತ್ತಬೇಕಾಗಿಲ್ಲ, ಅದು ನೇರವಾಗಿ ಸ್ವೈಪಿಂಗ್ ಮಷಿನ್ನಿನ ಪರದೆಗೆ ಬರುತ್ತದೆ, ಸಂಜೆಯ ಲೆಕ್ಕವೂ ತಾನಾಗಿಯೇ ತಾಳೆಯಾಗುತ್ತದೆ ಎಂದು ನಂಬಿಸಿದರು. ಮೊತ್ತ ಪರದೆಗೆ ಬರುವುದು ನಿಜ. ಲೆಕ್ಕ ತಾಳೆಯಾಗುತ್ತದೆ ಎಂಬುದು ಶುದ್ಧ ಸುಳ್ಳು, ಮತ್ತು ಆ ಸುಳ್ಳಿನಿಂದ ನಾವು ಹಳೆಯ ಗಿರಾಕಿಯನ್ನೂ ಮರ್ಯಾದೆಯನ್ನೂ ಕಳೆದುಕೊಂಡಿದ್ದೇವೆ.

ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲ, ಹೊರಗೆ ಜಡಿಮಳೆ, ಅಂಗಡಿಯ ತುಂಬ ಜನ. ತೀರ್ಥಹಳ್ಳಿ ಕಡೆಯ ಹಳೆಯ ಗಿರಾಕಿಯೊಬ್ಬರ ಬಿಲ್ಲು 6,840 ರೂಪಾಯಿ ಆಯಿತು. ನಮ್ಮ ಹುಡುಗ ಕಾರ್ಡ್ ಎಂದು ಆರಿಸಿದ ಕೂಡಲೇ ಮಷಿನ್ನಿನಲ್ಲಿ ಮೊತ್ತ ಬಂತು, ಅವರು ಪಿನ್ ಒತ್ತಿದರು, ಪರದೆ ಸ್ವಲ್ಪ ಹೊತ್ತು ಸಂಪರ್ಕಕ್ಕಾಗಿ ಕಾಯುತ್ತಾ ನಿಂತು ಮತ್ತೆ ಮೊದಲಿನ ಪುಟಕ್ಕೆ ಮರಳಿತು. ಚಾರ್ಜ್ ಸ್ಲಿಪ್ ಬರಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಬಿಲ್ಲು ಮುಗಿದಿತ್ತು, ಕಾರ್ಡಿನಿಂದ ಪಾವತಿ 6,840, ಬಾಕಿ ಸೊನ್ನೆ ಎಂದು ಕಾಗದವೂ ಅಚ್ಚಾಗಿ ಹೊರಬಂದಿತ್ತು. ಅದನ್ನು ನೋಡಿಯೇ ಹುಡುಗ ಸಾಮಾನು ಕೊಟ್ಟ.

ರಾತ್ರಿ ಮಷಿನ್ನಿನ ಸೆಟಲ್‌ಮೆಂಟ್ ಚೀಟಿಗೂ ಸಾಫ್ಟ್‌ವೇರಿನ ಕಾರ್ಡ್ ಮೊತ್ತಕ್ಕೂ ಸರಿಯಾಗಿ 6,840 ರೂಪಾಯಿ ವ್ಯತ್ಯಾಸ ಬಂತು. ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದೆ. "ನೆಟ್‌ವರ್ಕ್ ಸಮಸ್ಯೆ ಸರ್, ಐದು ದಿನದಲ್ಲಿ ದುಡ್ಡು ಬರುತ್ತದೆ, ರಿಸರ್ವ್ ಬ್ಯಾಂಕಿನ ನಿಯಮವೇ ಇದೆ" ಎಂದರು. ನಂಬಿ ಕಾದೆ, ಹಣ ಬರಲಿಲ್ಲ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಮಾಡಿದ ಆ ನಿಯಮ ಹೇಳುವುದೇ ಬೇರೆ: ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ಖಾತರಿ ಬಾರದಿದ್ದರೆ, ವಹಿವಾಟಿನ ನಂತರದ 5 ದಿನಗಳೊಳಗೆ ಅದನ್ನು ಗಿರಾಕಿಗೇ ಹಿಂತಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ಕೊಡಬೇಕು. ಅಂಗಡಿಗೆ ಹಣ ಬರುತ್ತದೆಂದು ಅದರಲ್ಲಿ ಎಲ್ಲಿಯೂ ಇಲ್ಲ.

ಕೊನೆಗೆ ಆ ಹಿರಿಯರಿಗೇ ಫೋನ್ ಮಾಡಬೇಕಾಯಿತು. "ಬಿಲ್ಲಿನಲ್ಲಿ ನೀವೇ ಬಾಕಿ ಸೊನ್ನೆ ಎಂದು ಕೊಟ್ಟು ಈಗ ಕೇಳುತ್ತೀರಲ್ಲ ಮಾರಾಯ್ರೆ, ಇಷ್ಟು ವರ್ಷದ ವ್ಯವಹಾರಕ್ಕೆ ಇದೇನಾ ಬೆಲೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ಖಾತೆಯಿಂದ ಹಣ ಕಡಿತವಾಗಿಯೇ ಇರಲಿಲ್ಲ ಎಂಬುದು ಪಾಸ್‌ಬುಕ್ ನೋಡಿದ ಮೇಲೆ ತಿಳಿಯಿತು, ಮರುದಿನವೇ ಅವರು ಹಣ ಕಳುಹಿಸಿದರು, ಆದರೆ ಆಮೇಲೆ ಅಂಗಡಿಗೆ ಬಂದಿಲ್ಲ.

ಮಷಿನ್ ಕಂಪನಿಯವರನ್ನು ವಿಚಾರಿಸಿದಾಗ ನಿಜ ಹೊರಬಂತು. ಸಾಫ್ಟ್‌ವೇರು ಬಿಲ್ ಸಂಖ್ಯೆ, ಮಷಿನ್ನಿನ ಗುರುತು ಮತ್ತು ಪೈಸೆಯ ಲೆಕ್ಕದಲ್ಲಿ ಮೊತ್ತವನ್ನು, ಅಂದರೆ ನಮ್ಮ ಬಿಲ್ಲಿಗೆ 684000 ಎಂದು, ಅವರ ಸರ್ವರಿಗೆ ಕಳುಹಿಸುತ್ತದೆ. ಸರ್ವರು ಒಂದು ಉಲ್ಲೇಖ ಸಂಖ್ಯೆ ಕೊಟ್ಟು ಮೊತ್ತವನ್ನು ಮಷಿನ್ನಿಗೆ ತಲುಪಿಸುತ್ತದೆ. ಇದು ಅರ್ಧ ಕೆಲಸ ಮಾತ್ರ. ಅದೇ ಉಲ್ಲೇಖ ಸಂಖ್ಯೆ ಹಿಡಿದು ಹಣ ಬಂತೇ, ವಿಫಲವಾಯಿತೇ ಎಂದು ಸಾಫ್ಟ್‌ವೇರು ಮತ್ತೆ ಮತ್ತೆ ಕೇಳಬೇಕು, ಒಪ್ಪಿಗೆಯ ಉತ್ತರ ಬಂದ ಮೇಲೆಯೇ ಬಿಲ್ಲು ಮುಗಿಸಬೇಕು. ನಮ್ಮದು ಕೇಳಿಯೇ ಇರಲಿಲ್ಲ. ಮೊತ್ತ ಹೋಯಿತು ಎಂಬುದನ್ನೇ ಹಣ ಬಂತು ಎಂದು ಬರೆದುಕೊಳ್ಳುತ್ತಿತ್ತು!

ಇದನ್ನು ಹೇಳಿದಾಗ ಮಾರಿದವರ ಉತ್ತರ ಇದು: "ಮೊತ್ತ ಮಷಿನ್ನಿಗೆ ಹೋಗಿದೆಯಲ್ಲ ಸರ್, ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಉತ್ತರ ವಾಪಸ್ ಬರಬೇಕಾದರೆ ಅದು ಬೇರೆ ಮಾಡ್ಯೂಲ್, ಬೇರೆ ಹಣ." ಮಾರುವಾಗ ಈ ಮಾತು ಬಾಯಿಗೆ ಬರಲಿಲ್ಲವೇಕೆ ಎಂದು ಕೇಳಿದ್ದಕ್ಕೆ "ನೀವು ಕೇಳಲಿಲ್ಲ" ಎಂದರು.

ಆದ್ದರಿಂದ ಹಣ ಕೊಡುವ ಮೊದಲು ಅವರ ಎದುರಿಗೇ 10 ರೂಪಾಯಿಯ ಬಿಲ್ಲು ಮಾಡಿ, ಮೊತ್ತ ಮಷಿನ್ನಿಗೆ ಬಂದ ಕೂಡಲೇ ಕೆಂಪು ಗುಂಡಿ ಒತ್ತಿ ರದ್ದುಮಾಡಿ. ಆಗಲೂ ಬಿಲ್ಲು ಪಾವತಿಯಾಗಿದೆ ಎಂದು ತೋರಿಸಿದರೆ ಅವರನ್ನು ಬಾಗಿಲ ತನಕ ಕಳುಹಿಸಿ. ನಂತರ ನಿಜವಾಗಿಯೇ ಕಾರ್ಡ್ ಹಾಕಿ ನೋಡಿ. ಚಾರ್ಜ್ ಸ್ಲಿಪ್ಪಿನಲ್ಲಿರುವ 12 ಅಂಕಿಯ ಆರ್‌ಆರ್‌ಎನ್, ಅಂದರೆ ಆ ವಹಿವಾಟಿನ ಗುರುತಿನ ಸಂಖ್ಯೆ, ಬಿಲ್ಲಿನ ದಾಖಲೆಗೂ ತಾನಾಗಿಯೇ ಬಂದಿರಬೇಕು. ಆ ಜಾಗ ಖಾಲಿಯಿದ್ದರೆ ಬ್ಯಾಂಕಿನ ಉತ್ತರ ನಿಮ್ಮ ಕಂಪ್ಯೂಟರನ್ನು ತಲುಪಿಲ್ಲ. ನಡುವೆ ನೆಟ್‌ವರ್ಕ್ ಹೋದರೆ ಅದೇ ಬಿಲ್ಲನ್ನು ಹೊಸದಾಗಿ ಕಳುಹಿಸಬೇಡಿ, ಹಳೆಯದರ ಸ್ಥಿತಿ ತಿಳಿಯುವ ಮೊದಲು ಮತ್ತೆ ಕಳುಹಿಸಿದರೆ ಗಿರಾಕಿಗೆ ಎರಡು ಬಾರಿ ಕಡಿತವಾಗಬಹುದು.

ನಮ್ಮಲ್ಲಿ ಈಗ ಮೊತ್ತವನ್ನು ಕೈಯಿಂದಲೇ ಒತ್ತುತ್ತೇವೆ, ಸ್ಲಿಪ್ ಬಂದ ಮೇಲೆ ಬಿಲ್ಲು ಮುಗಿಸುತ್ತೇವೆ. ವರ್ಷದ ನವೀಕರಣದ ಹಣ ಕೇಳಲು ಅವರು ಫೋನ್ ಮಾಡುತ್ತಲೇ ಇದ್ದಾರೆ. ಒಂದು ಪೈಸೆಯನ್ನೂ ಕೊಡುವುದಿಲ್ಲ.